ಒಂದೇ ಸ್ವರದ ಪರೀಕ್ಷೆಯಲ್ಲಿ ಕಾಣದ ದೋಷ: ಆಂಪ್ಲಿಫೈಯರಿನ ಟಿಎಚ್‌ಡಿ ಮತ್ತು ಐಎಂಡಿ

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಯ ಹಳ್ಳಿಯೊಂದರಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಹಿರಿಯರೊಬ್ಬರು ತಮ್ಮ ಆಂಪ್ಲಿಫೈಯರನ್ನು ಬಳ್ಳಾರಿಯ ನನ್ನ ರಿಪೇರಿ ಅಂಗಡಿಗೆ ತಂದರು. ಅದು ಕೆಟ್ಟು ನಿಂತಿರಲಿಲ್ಲ, ಫ್ಯೂಸ್ ಹೋಗಿರಲಿಲ್ಲ. ಅವರ ದೂರು ಬೇರೆಯೇ ಆಗಿತ್ತು. "ಮಾತಿಗೆ, ಭಾಷಣಕ್ಕೆ ಏನೂ ತೊಂದ್ರಿ ಇಲ್ರಿ. ಬಯಲಾಟದಾಗ ಹಾರ್ಮೋನಿಯಂ ಸಣ್ಣಗ ನಡೆದಾಗ ತಾಳ ಬಿತ್ತಂದ್ರ ಉಸುಕು ಎರಚಿದಂಗ ಕೇಳತೈತಿ" ಎಂದರು. ಪೆಟ್ಟಿಗೆಯೊಂದಿಗೆ ಬಂದಿದ್ದ ಹಾಳೆಯಲ್ಲಿ ವಿರೂಪ, ಅಂದರೆ ಟಿಎಚ್‌ಡಿ, ಶೇಕಡಾ 0.02 ಎಂದು ಅಚ್ಚಾಗಿತ್ತು. ನಾನು ಅಳೆದಾಗಲೂ ಆ ಅಂಕಿ ಸರಿಯಾಗಿಯೇ ಬಂತು. ಹಾಗೆಂದು ಅವರ ಕಿವಿ ಸುಳ್ಳು ಹೇಳಿರಲಿಲ್ಲ. ಈ ಎರಡೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ಈಗ ಅಗತ್ಯವಾಗಿದೆ. ಏಕೆಂದರೆ ಆನ್‌ಲೈನಿನಲ್ಲಿ ಕೊಂಡ ಬೋರ್ಡುಗಳಿಂದ ಜೋಡಿಸಿದ ಆಂಪ್ಲಿಫೈಯರುಗಳು ನಮ್ಮ ಭಾಗದ ಮೈಕ್ ಸೆಟ್ಟುಗಳಲ್ಲಿ ಸೇರಿಕೊಳ್ಳುತ್ತಿವೆ, ಮತ್ತು ಅವುಗಳನ್ನು ಆರಿಸುವವರು ನೋಡುವುದು ಬಹುತೇಕ ಈ ಒಂದು ಅಂಕಿಯನ್ನೇ.

ಟಿಎಚ್‌ಡಿ ಅಳೆಯುವ ಕ್ರಮ ಸರಳ. ಆಂಪ್ಲಿಫೈಯರಿನ ಒಳಗೆ ಒಂದೇ ಒಂದು ಶುದ್ಧ ಸ್ವರವನ್ನು, ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನದನ್ನು, ಕೊಡುತ್ತಾರೆ. ಆಂಪ್ಲಿಫೈಯರು ನಿಖರವಾಗಿದ್ದರೆ ಹೊರಗೆ ಅದೇ ಸ್ವರ ದೊಡ್ಡದಾಗಿ ಬರಬೇಕು, ಬೇರೇನೂ ಬರಬಾರದು. ನಿಜದಲ್ಲಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಸ್ವರಗಳೂ, ಅಂದರೆ ಹಾರ್ಮೊನಿಕ್‌ಗಳೂ, ಸ್ವಲ್ಪಸ್ವಲ್ಪ ಹುಟ್ಟಿಕೊಳ್ಳುತ್ತವೆ. ಅವೆಲ್ಲವನ್ನೂ ಕೂಡಿಸಿ, ಮೂಲ ಸ್ವರದ ಶೇಕಡಾ ಎಷ್ಟು ಎಂದು ಹೇಳುವುದೇ ಟಿಎಚ್‌ಡಿ. ಐಎಂಡಿಯಲ್ಲಿ, ಅಂದರೆ ಇಂಟರ್‌ಮಾಡ್ಯುಲೇಷನ್ ವಿರೂಪದ ಪರೀಕ್ಷೆಯಲ್ಲಿ, ಎರಡು ಸ್ವರಗಳನ್ನು ಒಟ್ಟಿಗೆ ಕೊಡುತ್ತಾರೆ ಮತ್ತು ಅವೆರಡೂ ಒಂದಕ್ಕೊಂದು ತಾಗಿ ಹುಟ್ಟಿಸಿದ ಮೂರನೆಯ, ನಾಲ್ಕನೆಯ ಸ್ವರಗಳನ್ನು ಹುಡುಕುತ್ತಾರೆ. ಬಳಕೆಯಲ್ಲಿರುವ ಜೋಡಿಗಳು ಮುಖ್ಯವಾಗಿ ಎರಡು. 60 ಹರ್ಟ್ಸ್ ಮತ್ತು 7 ಕಿಲೋಹರ್ಟ್ಸ್‌ಗಳನ್ನು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಬೆರೆಸುವುದು ಎಸ್‌ಎಂಪಿಟಿಇ ಪದ್ಧತಿ. 19 ಮತ್ತು 20 ಕಿಲೋಹರ್ಟ್ಸ್‌ಗಳನ್ನು ಸಮನಾಗಿ ಬೆರೆಸುವುದು ಸಿಸಿಐಎಫ್ ಪದ್ಧತಿ. ಮೇಲಿನ ದೂರಿಗೆ ಉತ್ತರ ಸಿಕ್ಕಿದ್ದು ಎರಡನೆಯದರಲ್ಲಿ.

ಟಿಎಚ್‌ಡಿ ಮತ್ತು ಐಎಂಡಿ ಎರಡು ಬೇರೆ ಬೇರೆ ರೋಗಗಳು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಒಳಬರುವ ವೋಲ್ಟೇಜಿಗೂ ಹೊರಹೋಗುವ ವೋಲ್ಟೇಜಿಗೂ ಇರುವ ಸಂಬಂಧದ ಗೆರೆ ನೆಟ್ಟಗಿರದೆ ಬಾಗಿದ್ದರೆ ಎರಡೂ ಹುಟ್ಟುತ್ತವೆ, ಬಾಗು ಒಂದೇ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಳಬರುವ ವೋಲ್ಟೇಜು x, ಹೊರಹೋಗುವುದು y, ಬಾಗಿನ ಪ್ರಮಾಣ a ಆಗಿರುವಾಗ ಆ ಗೆರೆ ಹೀಗಿದೆ ಎಂದಿಟ್ಟುಕೊಳ್ಳಿ:

```
y = x + a·x³
```

ಒಂದೇ ಸ್ವರ ಕೊಟ್ಟಾಗ ಮೂರನೆಯ ಹಾರ್ಮೊನಿಕ್ ಶೇಕಡಾ 0.1 ಇದೆ ಎನ್ನೋಣ. ಈಗ ಆ ಸ್ವರದ ಬದಲು ಅರ್ಧರ್ಧ ಎತ್ತರದ ಎರಡು ಸ್ವರಗಳನ್ನು ಕೊಟ್ಟರೆ ಒಟ್ಟು ಶಿಖರ ಮೊದಲಿನಷ್ಟೇ ಇರುತ್ತದೆ. ಆಗ ಆ ಎರಡರ ಪಕ್ಕದಲ್ಲಿ ಹುಟ್ಟುವ ಹೊಸ ಸ್ವರಗಳಲ್ಲಿ ಒಂದೊಂದೂ ಮೂಲದ ಒಂದು ಸ್ವರದ ಶೇಕಡಾ 0.075ರಷ್ಟಿರುತ್ತದೆ. ಅಂದರೆ ಗಾತ್ರದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ಕಸ ಎಲ್ಲಿ ಹೋಗಿ ಬೀಳುತ್ತದೆ ಎಂಬುದರಲ್ಲಿ. 19 ಕಿಲೋಹರ್ಟ್ಸ್‌ನ ಒಂಟಿ ಸ್ವರದ ಮೂರನೆಯ ಹಾರ್ಮೊನಿಕ್ 57 ಕಿಲೋಹರ್ಟ್ಸ್‌ನಲ್ಲಿ ಬೀಳುತ್ತದೆ. ಅದು ಕಿವಿಗೂ ಕೇಳದು, ಸಾಮಾನ್ಯ ಸೌಂಡ್ ಕಾರ್ಡಿಗೂ ಕಾಣದು. 19 ಮತ್ತು 20 ಕೂಡಿದಾಗ ಅದೇ ಬಾಗಿನಿಂದ ಹುಟ್ಟುವ ಸ್ವರಗಳು 18 ಮತ್ತು 21 ಕಿಲೋಹರ್ಟ್ಸ್‌ಗಳಲ್ಲಿ, ಮೂಲದ ಪಕ್ಕದಲ್ಲೇ, ಕುಳಿತಿರುತ್ತವೆ. 19ರ ಎರಡರಷ್ಟರಿಂದ 20ನ್ನು ಕಳೆದರೆ 18, 20ರ ಎರಡರಷ್ಟರಿಂದ 19ನ್ನು ಕಳೆದರೆ 21. ಒಂಟಿ ಸ್ವರದ ಪರೀಕ್ಷೆ ದೋಷವನ್ನು ಊರಾಚೆ ಎಸೆದು ಬಿಡುತ್ತದೆ, ಜೋಡಿ ಸ್ವರದ ಪರೀಕ್ಷೆ ಅದನ್ನು ಮನೆಯೊಳಗೇ ಉಳಿಸಿ ತೋರಿಸುತ್ತದೆ.

ಹಾಗಾದರೆ 1 ಕಿಲೋಹರ್ಟ್ಸ್‌ನಲ್ಲಿ ಅಳೆದು ಬಿಟ್ಟರೆ ಸಾಲದೇ, ಅಲ್ಲಿ ಹಾರ್ಮೊನಿಕ್‌ಗಳೆಲ್ಲ ಕಾಣುತ್ತವಲ್ಲ ಎಂದು ಕೇಳಬಹುದು. ಬಾಗು ಎಲ್ಲ ಕಂಪನಾಂಕಗಳಲ್ಲೂ ಒಂದೇ ಆಗಿದ್ದರೆ ಸಾಕಾಗುತ್ತಿತ್ತು. ಆದರೆ ಆಂಪ್ಲಿಫೈಯರು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ಫೀಡ್‌ಬ್ಯಾಕಿನಿಂದ, ಮತ್ತು ಆ ತಿದ್ದುವ ಶಕ್ತಿ ಕಂಪನಾಂಕ ಏರಿದಂತೆ ಇಳಿಯುತ್ತದೆ. ಆಂದೋಲನಕ್ಕೆ ಬೀಳದಂತೆ ಒಳಗೆ ಹಾಕಿರುವ ಚಿಕ್ಕ ಕೆಪ್ಯಾಸಿಟರಿನಿಂದಾಗಿ ಸಾಮಾನ್ಯ ವಿನ್ಯಾಸದಲ್ಲಿ ಕಂಪನಾಂಕ ದ್ವಿಗುಣವಾದಾಗಲೆಲ್ಲ ಅದು ಅರ್ಧವಾಗುತ್ತ ಹೋಗುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ತಪ್ಪನ್ನು 1000 ಪಟ್ಟು ಕುಗ್ಗಿಸುವ ಆಂಪ್ಲಿಫೈಯರು 20 ಕಿಲೋಹರ್ಟ್ಸ್‌ನಲ್ಲಿ 50 ಪಟ್ಟು ಮಾತ್ರ ಕುಗ್ಗಿಸಬಲ್ಲದು. ಹಾಳೆಯ ಮೇಲಿನ ಅಂಕಿ ಆಂಪ್ಲಿಫೈಯರು ಅತಿ ಬಲವಾಗಿರುವ ಜಾಗದಲ್ಲಿ ತೆಗೆದದ್ದು. ತಾಳದ ನಾದ ಇರುವುದು ಅದು ಬಲಹೀನವಾಗಿರುವ ಜಾಗದಲ್ಲಿ.

ತಾಳವೇ ಏಕೆ ಈ ದೋಷವನ್ನು ಬಯಲು ಮಾಡಿತು ಎಂಬುದಕ್ಕೆ ಸಂಗೀತದ ಕಾರಣವೂ ಇದೆ. ಒಂಟಿ ಸ್ವರದ ಹಾರ್ಮೊನಿಕ್‌ಗಳು ಆ ಸ್ವರದ ಬಂಧುಗಳೇ. ಷಡ್ಜದ ಎರಡರಷ್ಟು ಎಂದರೆ ತಾರ ಷಡ್ಜ, ಮೂರರಷ್ಟು ಎಂದರೆ ಅದರ ಮೇಲಿನ ಪಂಚಮ, ಐದರಷ್ಟು ಎಂದರೆ ಗಾಂಧಾರ. ತಂಬೂರಿಯ ತಂತಿಯಲ್ಲಿ ಇವೆಲ್ಲ ತಾವಾಗಿಯೇ ಮೊಳಗುತ್ತವೆ. ಆದ್ದರಿಂದ ಶೇಕಡಾ ಅರ್ಧದಷ್ಟು ಎರಡನೆಯ ಹಾರ್ಮೊನಿಕ್ ಸೇರಿದರೂ ಅದನ್ನು ದೋಷವೆಂದು ಗುರುತಿಸುವುದು ಬಹಳ ಕಷ್ಟ. ಎರಡು ಸ್ವರಗಳ ತಿಕ್ಕಾಟದಿಂದ ಹುಟ್ಟಿದ್ದಕ್ಕೆ ಇಂತಹ ನಂಟು ಇರಲೇಬೇಕೆಂದಿಲ್ಲ. ಹಾರ್ಮೋನಿಯಂ ಸಮಭಾಗದ ಶ್ರುತಿಯಲ್ಲಿದ್ದು ಷಡ್ಜ 240 ಹರ್ಟ್ಸ್ ಆಗಿದ್ದರೆ ಗಾಂಧಾರ ಸುಮಾರು 302.4 ಹರ್ಟ್ಸ್. ಗಾಂಧಾರದ ಎರಡರಷ್ಟರಿಂದ ಷಡ್ಜವನ್ನು ಕಳೆದರೆ 364.8 ಬರುತ್ತದೆ. ಅದೇ ಪೆಟ್ಟಿಗೆಯ ಪಂಚಮ ಇರುವುದು 359.6ರಲ್ಲಿ. ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ಹಿಡಿದಾಗ ಈ ಹುಸಿ ಸ್ವರವು ನಿಜವಾದ ಪಂಚಮಕ್ಕೆ ತಗುಲಿ ಸೆಕೆಂಡಿಗೆ ಐದು ಬಾರಿ ಅದುರುತ್ತದೆ. ತಾಳದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಕಂಚಿನ ಬಟ್ಟಲಿನ ಕಂಪನಗಳು ಒಂದಕ್ಕೊಂದು ಸರಳ ಲೆಕ್ಕದಲ್ಲಿರುವುದಿಲ್ಲ. 5200 ಮತ್ತು 5730 ಹರ್ಟ್ಸ್‌ನ ಎರಡು ಕಂಪನಗಳಿದ್ದರೆ ಅವುಗಳ ಸಂತಾನ 4670ರಲ್ಲಿ, 6260ರಲ್ಲಿ, ಜೊತೆಗೆ ವ್ಯತ್ಯಾಸವಾದ 530ರಲ್ಲಿ, ಹೀಗೆ ಯಾವ ಸ್ವರಕ್ಕೂ ಸೇರದೆ ಬೀಳುತ್ತದೆ. ತಾಳದಲ್ಲಿ ಅಂತಹ ಕಂಪನಗಳು ಎರಡಲ್ಲ, ಹತ್ತಾರು ಇರುತ್ತವೆ, ಅವುಗಳ ಜೋಡಿಗಳು ನೂರಾರು. ಅಷ್ಟೂ ಸೇರಿದರೆ ಅದು ಸ್ವರದಂತೆ ಕೇಳುವುದಿಲ್ಲ, ಉಸುಕಿನಂತೆಯೇ ಕೇಳುತ್ತದೆ. ಹಿರಿಯರ ಹೋಲಿಕೆ ಭೌತಶಾಸ್ತ್ರದ ದೃಷ್ಟಿಯಿಂದಲೂ ಅಕ್ಷರಶಃ ಸರಿಯಾಗಿತ್ತು.

ಇನ್ನು ಆ ಪೆಟ್ಟಿಗೆಯ ಕಥೆಗೆ ಬರುತ್ತೇನೆ. ಒಂದು ಚಾನೆಲಿಗೆ 100 ವಾಟಿನ, 5200–1943 ಟ್ರಾನ್ಸಿಸ್ಟರ್ ಜೋಡಿಯ, ನಮ್ಮಲ್ಲಿ ಎಲ್ಲೆಡೆ ಕಾಣುವ ಬಗೆಯ ಆಂಪ್ಲಿಫೈಯರು ಅದು. ಸ್ಪೀಕರಿನ ಬದಲು 8 ಓಮಿನ, ದೊಡ್ಡ ವಾಟೇಜಿನ ತಂತಿ ಸುತ್ತಿದ ರೆಸಿಸ್ಟರನ್ನು ಕಟ್ಟಿದೆ. ಅದರ ಮೇಲಿನ ವೋಲ್ಟೇಜನ್ನು ಎರಡು ರೆಸಿಸ್ಟರುಗಳಿಂದ ಇಳಿಸಿ ಸೌಂಡ್ ಕಾರ್ಡಿಗೆ ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ REW ಎಂಬ ಉಚಿತ ತಂತ್ರಾಂಶವಿತ್ತು. ಅದರಲ್ಲಿ ಒಂಟಿ ಸ್ವರ, ಜೋಡಿ ಸ್ವರ ಎರಡನ್ನೂ ಹುಟ್ಟಿಸಬಹುದು. ಮೊದಲು ಆಂಪ್ಲಿಫೈಯರನ್ನು ಬಿಟ್ಟು ಸೌಂಡ್ ಕಾರ್ಡಿನ ಹೊರದಾರಿಯನ್ನು ಒಳದಾರಿಗೆ ನೇರ ಜೋಡಿಸಿ, ಕಾರ್ಡಿನದೇ ವಿರೂಪ ಎಷ್ಟೆಂದು ನೋಡಿಕೊಂಡೆ. ಈ ಹೆಜ್ಜೆಯನ್ನು ತಪ್ಪಿಸಿದವರು ಕಾರ್ಡಿನ ದೋಷವನ್ನು ಆಂಪ್ಲಿಫೈಯರಿನ ಮೇಲೆ ಹೊರಿಸುತ್ತಾರೆ.

1 ಕಿಲೋಹರ್ಟ್ಸ್‌ನಲ್ಲಿ 50 ವಾಟಿಗೆ ಟಿಎಚ್‌ಡಿ ಶೇಕಡಾ 0.02 ಬಂತು, ಹಾಳೆಯಲ್ಲಿದ್ದಂತೆಯೇ. ಬಳಿಕ 19 ಮತ್ತು 20 ಕಿಲೋಹರ್ಟ್ಸ್‌ಗಳ ಜೋಡಿಯನ್ನು, ಎರಡೂ ಸೇರಿ 1 ವಾಟ್ ಮಾತ್ರ ಆಗುವಂತೆ, ಕೊಟ್ಟೆ. 18 ಮತ್ತು 21ರಲ್ಲಿ ಎರಡು ಗೆರೆಗಳು ಎದ್ದವು, ಒಂದೊಂದೂ ಮೂಲಕ್ಕಿಂತ 48 ಡೆಸಿಬೆಲ್ ಕೆಳಗೆ. ಶೇಕಡಾವಾರಿನಲ್ಲಿ ಅದು 0.4. ಅದಕ್ಕಿಂತ ಮುಖ್ಯವಾದದ್ದು ಆ ಗೆರೆಗಳ ಆಚೆಗೂ 17, 16, 15ರಲ್ಲಿ ಮತ್ತು ಮೇಲೆ 22ರಲ್ಲಿ, ಸ್ವಲ್ಪಸ್ವಲ್ಪವೇ ಕುಗ್ಗುತ್ತ, ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಗೆರೆಗಳಿದ್ದವು. ಈ ಬಾಚಣಿಗೆ ರೋಗದ ಹೆಸರನ್ನೇ ಹೇಳುತ್ತದೆ. ಗೆರೆ ಮೃದುವಾಗಿ ಬಾಗಿದ್ದರೆ 18 ಮತ್ತು 21ರಲ್ಲಿ ಮಾತ್ರ ಕಸ ಹುಟ್ಟಿ ಉಳಿದೆಡೆ ಬೇಗನೆ ಸವೆದು ಹೋಗುತ್ತದೆ. ಗೆರೆಯಲ್ಲಿ ಮುರುಕು ಅಥವಾ ಮೂಲೆ ಇದ್ದರೆ ಮಾತ್ರ ಇಂತಹ ಉದ್ದನೆಯ ಸಾಲು ಬರುತ್ತದೆ. 1 ವಾಟಿನಲ್ಲಿ ಶಿಖರ ಮುಟ್ಟಿ ಕತ್ತರಿಸುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮೂಲೆ ಇರುವುದು ನಡುವಿನಲ್ಲಿ, ಸೊನ್ನೆ ವೋಲ್ಟಿನ ಬಳಿ, ಒಂದು ಟ್ರಾನ್ಸಿಸ್ಟರು ಇನ್ನೊಂದಕ್ಕೆ ಹೊಣೆ ಒಪ್ಪಿಸುವ ಜಾಗದಲ್ಲಿ. ಅದು ಕ್ರಾಸ್‌ಓವರ್ ವಿರೂಪ.

ಮುಚ್ಚಳ ತೆಗೆದು, ಸಿಗ್ನಲ್ ಇಲ್ಲದೆ, 0.22 ಓಮಿನ ಎಮಿಟರ್ ರೆಸಿಸ್ಟರಿನ ಮೇಲೆ ಮೀಟರು ಇಟ್ಟೆ. 1 ಮಿಲಿವೋಲ್ಟೂ ಸರಿಯಾಗಿ ಇರಲಿಲ್ಲ. ಇಂತಹ ಜೋಡಿಗೆ ಅಲ್ಲಿ ಸುಮಾರು 20 ಮಿಲಿವೋಲ್ಟ್ ಇರಬೇಕು, ಅಂದರೆ ಸದಾ 90 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಹರಿಯುತ್ತಿರಬೇಕು. ಹಿಂದೆ ಯಾರೋ ಬಯಾಸ್ ಪ್ರಿಸೆಟ್ಟನ್ನು ತಿರುಗಿಸಿ ಅದನ್ನು ಬಹುತೇಕ ಸೊನ್ನೆಗೆ ಇಳಿಸಿದ್ದರು. ಏಕೆ ಇಳಿಸಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಪೆಟ್ಟಿಗೆಯೊಳಗೆ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದಾಗ ಬಯಾಸ್ ಇಳಿಸುವುದು ನಮ್ಮ ಕಸುಬಿನವರಿಗೆ ತಟ್ಟನೆ ಹೊಳೆಯುವ ಉಪಾಯ. ಪೆಟ್ಟಿಗೆ ತಣ್ಣಗಾಗುತ್ತದೆ, ಮಾತು ಚೆನ್ನಾಗಿಯೇ ಕೇಳುತ್ತದೆ, 1 ಕಿಲೋಹರ್ಟ್ಸ್‌ನಲ್ಲಿ ಹೆಚ್ಚಿನ ಶಕ್ತಿಗೆ ಅಳೆದ ಟಿಎಚ್‌ಡಿಯೂ ಕದಲುವುದಿಲ್ಲ.

ಅದು ಏಕೆ ಕದಲುವುದಿಲ್ಲ ಎಂಬುದಕ್ಕೆ ಇದೇ ಅಂಕಿಗಳಿಂದ ಲೆಕ್ಕ ಸಿಗುತ್ತದೆ. 8 ಓಮಿಗೆ ಒಟ್ಟು 1 ವಾಟ್ ಎಂದರೆ ಜೋಡಿಯ ಒಂದೊಂದು ಸ್ವರವೂ 2 ವೋಲ್ಟ್. ಅದರ ಶೇಕಡಾ 0.4 ಎಂದರೆ 8 ಮಿಲಿವೋಲ್ಟ್ ಕಸ. ಕ್ರಾಸ್‌ಓವರಿನ ಮುರುಕು ಸಿಗ್ನಲ್ ದೊಡ್ಡದಾದಂತೆ ತಾನೂ ಬೆಳೆಯುವಂತಹದ್ದಲ್ಲ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 50 ವಾಟಿನಲ್ಲಿ ಸಿಗ್ನಲ್ 20 ವೋಲ್ಟ್ ಆಗಿರುವಾಗ ಅದೇ 8 ಮಿಲಿವೋಲ್ಟ್ ಶೇಕಡಾ 0.04 ಮಾತ್ರ. 1 ಕಿಲೋಹರ್ಟ್ಸ್‌ನಲ್ಲಿ ಫೀಡ್‌ಬ್ಯಾಕಿನ ಬಲ ಹೆಚ್ಚಿರುವುದರಿಂದ ಅದು ಇನ್ನೂ ಕುಗ್ಗಿ 0.02ರೊಳಗೆ ಅಡಗಿ ಹೋಗುತ್ತದೆ. ಹೆಚ್ಚಿನ ಶಕ್ತಿಯಲ್ಲಿ ಅಳೆದವರಿಗೆ ಒಳ್ಳೆಯ ಆಂಪ್ಲಿಫೈಯರು, ಮಧ್ಯರಾತ್ರಿಯ ಕರುಣರಸದ ಪದವನ್ನು ಸಣ್ಣಗೆ ಕೇಳುವವರಿಗೆ ಕೆಟ್ಟ ಆಂಪ್ಲಿಫೈಯರು. ಇದಕ್ಕೆ ಇನ್ನೊಂದು ಪದರವೂ ಇದೆ. ಬಿಬಿಸಿಯ ಎಂಜಿನಿಯರ್ ಶಾರ್ಟರ್ 1950ರಲ್ಲೇ, ಹಾರ್ಮೊನಿಕ್‌ಗಳನ್ನು ಸಮನಾಗಿ ಕೂಡಿಸುವುದು ತಪ್ಪು, ಕ್ರಮಸಂಖ್ಯೆಯ ವರ್ಗಕ್ಕೆ ತಕ್ಕಂತೆ ಮೇಲಿನವುಗಳಿಗೆ ಹೆಚ್ಚಿನ ತೂಕ ಕೊಡಬೇಕು ಎಂದು ಸೂಚಿಸಿದ್ದರು. ಏಳನೆಯ ಹಾರ್ಮೊನಿಕ್ಕಿಗೆ ಎರಡನೆಯದಕ್ಕಿಂತ 12 ಪಟ್ಟು ತೂಕ ಬೀಳುವ ಲೆಕ್ಕ ಅದು. ಮುರುಕಿನ ಗೆರೆ ಹುಟ್ಟಿಸುವುದು ಇಂತಹ ಮೇಲಿನ ಕ್ರಮದವುಗಳನ್ನೇ. ಮಾರುಕಟ್ಟೆಯ ಟಿಎಚ್‌ಡಿ ಇಂದಿಗೂ ಎಲ್ಲವನ್ನೂ ಸಮನಾಗಿಯೇ ಕೂಡಿಸುತ್ತಿದೆ.

ಪೆಟ್ಟಿಗೆಯನ್ನು 20 ನಿಮಿಷ ಬಿಸಿಯಾಗಲು ಬಿಟ್ಟು ಬಯಾಸನ್ನು 20 ಮಿಲಿವೋಲ್ಟಿಗೆ ತಂದೆ. ತಣ್ಣಗಿರುವಾಗ ಹೊಂದಿಸಿದರೆ ಬಿಸಿಯಾದ ಮೇಲೆ ಅದು ಏರಿ ಹೋಗುತ್ತದೆ, ಏಕೆಂದರೆ ಒಂದು ಡಿಗ್ರಿ ಬಿಸಿ ಏರಿದರೆ ಟ್ರಾನ್ಸಿಸ್ಟರು ತೆರೆದುಕೊಳ್ಳಲು ಬೇಕಾದ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬಯಾಸನ್ನು ಕಾಯುವ ಚಿಕ್ಕ ಟ್ರಾನ್ಸಿಸ್ಟರು ಹೀಟ್‌ಸಿಂಕಿಗೆ ಅಂಟಿಕೊಂಡಿದೆಯೇ ಎಂದು ನೋಡದೆ ಪ್ರಿಸೆಟ್ಟಿಗೆ ಕೈ ಹಾಕಲೇಬಾರದು. ಅದು ಬಿಟ್ಟುಕೊಂಡಿದ್ದರೆ ಬಿಸಿ ವಿದ್ಯುತ್ತನ್ನು, ವಿದ್ಯುತ್ತು ಬಿಸಿಯನ್ನು ಏರಿಸುತ್ತ ಹೋಗಿ ಜೋಡಿ ಸುಟ್ಟು ಹೋಗುತ್ತದೆ. ಮತ್ತೆ ಅದೇ ಜೋಡಿ ಸ್ವರವನ್ನು ಕೊಟ್ಟಾಗ 18 ಮತ್ತು 21ರ ಗೆರೆಗಳು 72 ಡೆಸಿಬೆಲ್ ಕೆಳಗೆ, ಅಂದರೆ ಶೇಕಡಾ 0.025ಕ್ಕೆ, ಇಳಿದವು. ಬಾಚಣಿಗೆಯ ದೂರದ ಹಲ್ಲುಗಳು ಗದ್ದಲದಲ್ಲಿ ಮುಳುಗಿದವು. 1 ಕಿಲೋಹರ್ಟ್ಸ್, 50 ವಾಟಿನ ಟಿಎಚ್‌ಡಿ 0.02ರಿಂದ 0.015ಕ್ಕೆ ಬಂತು, ಅಷ್ಟೇ. ಒಂದೇ ರಿಪೇರಿ ಒಂದು ಅಂಕಿಯನ್ನು 16 ಪಟ್ಟು ಕದಲಿಸಿತು, ಇನ್ನೊಂದನ್ನು ಕದಲಿಸಿತೆಂದು ಹೇಳುವುದೂ ಕಷ್ಟ. ಬಿಸಿಯ ಬೆಲೆ ಚಾನೆಲಿಗೆ 8 ವಾಟ್. ಅದಕ್ಕೆ ಹಿಂಬದಿಯ ತಗಡಿನಲ್ಲಿ ಜಾಲರಿ ಕೊರೆಸಿ ಫ್ಯಾನ್ ಕೂರಿಸಿದೆ.

ಜೋಡಿ ಸ್ವರದ ಪರೀಕ್ಷೆಗೂ ಮೋಸ ಹೋಗುವ ಜಾಗಗಳಿವೆ. ಕೆಲವರು 19 ಮತ್ತು 20ರ ವ್ಯತ್ಯಾಸವಾದ 1 ಕಿಲೋಹರ್ಟ್ಸ್‌ನ ಗೆರೆಯನ್ನು ಮಾತ್ರ ಓದಿ ಅದನ್ನೇ ಐಎಂಡಿ ಎನ್ನುತ್ತಾರೆ. ಮೇಲಿನ ಅರ್ಧ, ಕೆಳಗಿನ ಅರ್ಧ ಒಂದೇ ಸಮ ಇರುವ ಪುಷ್–ಪುಲ್ ಆಂಪ್ಲಿಫೈಯರಿನಲ್ಲಿ ಆ ಗೆರೆ ತಾನಾಗಿಯೇ ರದ್ದಾಗುತ್ತದೆ. ಉಳಿದ ಚೂರನ್ನೂ 1 ಕಿಲೋಹರ್ಟ್ಸ್‌ನಲ್ಲಿ ಬಲವಾಗಿರುವ ಫೀಡ್‌ಬ್ಯಾಕ್ ಒರೆಸಿ ಹಾಕುತ್ತದೆ. ನಮ್ಮ ಪೆಟ್ಟಿಗೆಯಲ್ಲೂ ಬಯಾಸ್ ಕೆಟ್ಟಿದ್ದಾಗಲೇ ಆ ಗೆರೆ 80 ಡೆಸಿಬೆಲ್ ಕೆಳಗಿತ್ತು. 18 ಮತ್ತು 21ನ್ನು ನೋಡದಿದ್ದರೆ ನಾನೂ ಅದನ್ನು ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಿದ್ದೆ. ಇನ್ನೊಂದು ಎಚ್ಚರ, ಈ ಜೋಡಿಯನ್ನು ಪೂರ್ಣ ಶಕ್ತಿಯಲ್ಲಿ ಹೊತ್ತುಗಟ್ಟಲೆ ಕೊಡಬಾರದು. ಔಟ್‌ಪುಟ್ಟಿನಲ್ಲಿರುವ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಜೋಡಣೆಯಲ್ಲಿ 100 ವಾಟಿಗೆ ಸುಮಾರು ಒಂದೂಕಾಲು ವಾಟ್ ಸುಡುತ್ತದೆ, ಅರ್ಧ ವಾಟಿನ ರೆಸಿಸ್ಟರು ಕಪ್ಪಾಗುತ್ತದೆ. ಸ್ಪೀಕರ್ ಕಟ್ಟಿಯಂತೂ ಮಾಡಲೇಬಾರದು, ಟ್ವೀಟರು ಸದ್ದಿಲ್ಲದೆ ಸಾಯುತ್ತದೆ.

ಟ್ರಾನ್ಸಿಸ್ಟರುಗಳು ಅತಿ ವೇಗದಲ್ಲಿ ಆನ್–ಆಫ್ ಆಗುತ್ತ ದುಡಿಯುವ ಕ್ಲಾಸ್ ಡಿ ಬೋರ್ಡುಗಳಲ್ಲಿ ಹಾಳೆಯನ್ನು ಇನ್ನಷ್ಟು ಹುಷಾರಾಗಿ ಓದಬೇಕು. ಅವುಗಳ ಸ್ವಿಚಿಂಗ್ ಗದ್ದಲ ಅಳತೆಗೆ ಅಡ್ಡಬಾರದಂತೆ 20 ಕಿಲೋಹರ್ಟ್ಸ್‌ನ ಮೇಲಿನದನ್ನೆಲ್ಲ ಕತ್ತರಿಸುವ ಫಿಲ್ಟರ್ ಹಾಕಿಯೇ ಟಿಎಚ್‌ಡಿ ತೆಗೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ 6.7 ಕಿಲೋಹರ್ಟ್ಸ್ ದಾಟಿದ ಸ್ವರದ ಮೂರನೆಯ ಹಾರ್ಮೊನಿಕ್ ಆಗ ಫಿಲ್ಟರಿನ ಆಚೆ ಬೀಳುತ್ತದೆ. ಹಾಗಾಗಿ ಕಂಪನಾಂಕದೊಂದಿಗೆ ಏರುತ್ತ ಬಂದ ಟಿಎಚ್‌ಡಿಯ ಗೆರೆ 6 ಅಥವಾ 7 ಕಿಲೋಹರ್ಟ್ಸ್‌ನ ಬಳಿ ಥಟ್ಟನೆ ಕುಸಿದಿದ್ದರೆ, ಅಲ್ಲಿ ಆಂಪ್ಲಿಫೈಯರು ಸುಧಾರಿಸಿಲ್ಲ, ಅಳತೆ ಕಣ್ಣು ಮುಚ್ಚಿದೆ. ಅಲ್ಲಿಂದ ಮುಂದೆ ನಂಬಬಹುದಾದದ್ದು ಜೋಡಿ ಸ್ವರದ ಅಳತೆ ಮಾತ್ರ. ಇಂತಹ ಬೋರ್ಡುಗಳನ್ನು ಮನೆಯಲ್ಲಿ ಅಳೆಯುವವರು ನೆನಪಿಡಬೇಕಾದದ್ದು, ಅನೇಕವುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳು ಜೀವಂತವಾಗಿರುತ್ತವೆ. ಸೌಂಡ್ ಕಾರ್ಡಿನ ಅರ್ತ್ ತಂತಿಯನ್ನು ಅವುಗಳಲ್ಲಿ ಒಂದಕ್ಕೆ ಕಟ್ಟಿದರೆ ಬೋರ್ಡಿನ ಅರ್ಧಭಾಗ ಶಾರ್ಟ್ ಆಗುತ್ತದೆ, ಕೆಲವೊಮ್ಮೆ ಲ್ಯಾಪ್‌ಟಾಪೂ ಹೋಗುತ್ತದೆ. ಎರಡೂ ತಂತಿಗಳನ್ನು ಬೇರೆ ಬೇರೆ ಇಳಿಕೆಯ ರೆಸಿಸ್ಟರುಗಳಿಂದ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಕೊಡಬೇಕು.

60 ಹರ್ಟ್ಸ್ ಮತ್ತು 7 ಕಿಲೋಹರ್ಟ್ಸ್‌ನ ಜೋಡಿಗೆ ಬೇರೆ ಕೆಲಸವಿದೆ. ಹಾರ್ನುಗಳಿಗೆ ಉದ್ದನೆಯ ತಂತಿ ಎಳೆಯುವ 100 ವೋಲ್ಟಿನ ಲೈನ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ತುಂಬಿಕೊಳ್ಳುವುದು ತಗ್ಗಿನ ಸ್ವರದಲ್ಲಿ. 1 ಕಿಲೋಹರ್ಟ್ಸ್‌ನ ಟಿಎಚ್‌ಡಿಗೆ ಅದರ ಸುಳಿವೇ ಸಿಗುವುದಿಲ್ಲ. ಈ ಜೋಡಿಯಲ್ಲಿ 7 ಕಿಲೋಹರ್ಟ್ಸ್‌ನ ಗೆರೆಯ ಇಬ್ಬದಿಗೂ 60, 120 ಹರ್ಟ್ಸ್ ಅಂತರದಲ್ಲಿ ಗೆರೆಗಳು ಎದ್ದರೆ ಮದ್ದಳೆಯ ಪ್ರತಿ ಪೆಟ್ಟಿಗೂ ಹಾಡುವವರ ದನಿ ತೊದಲುತ್ತಿದೆ ಎಂದೇ ಅರ್ಥ.

ಸಿರುಗುಪ್ಪದ ಹಿರಿಯರು ಆಂಪ್ಲಿಫೈಯರನ್ನು ಒಯ್ದು ಎರಡು ಆಟಗಳಿಗೆ ಕಟ್ಟಿದ ಮೇಲೆ ಫೋನ್ ಮಾಡಿದರು. ವೇದಿಕೆಯ ಪಕ್ಕದ ಬಾಕ್ಸ್ ಸ್ಪೀಕರುಗಳಲ್ಲಿ ಉಸುಕು ಹೋಗಿತ್ತು. ಊರ ಅಗಸಿಯ ಕಡೆಗೆ ಮುಖ ಮಾಡಿದ ಹಾರ್ನುಗಳಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಅದು ನಿರೀಕ್ಷಿತವೇ. ಹಾರ್ನಿನ ಚಿಕ್ಕ ಡಯಾಫ್ರಾಮು ಜೋರಾಗಿ ದುಡಿಯುವಾಗ ತಾನೇ ಶೇಕಡಾ ಒಂದಕ್ಕೂ ಮೀರಿ ವಿರೂಪ ಹುಟ್ಟಿಸುತ್ತದೆ, ಅದರ ಹಿಂದೆ ಶೇಕಡಾ 0.4 ಇದ್ದರೂ 0.025 ಇದ್ದರೂ ಕಿವಿಗೆ ಒಂದೇ. ಹಾರ್ನುಗಳಿಗಷ್ಟೇ ಕಟ್ಟುವ ಆಂಪ್ಲಿಫೈಯರಿಗೆ ಬಯಾಸ್ ಏರಿಸಿ ಬಿಸಿ ಮಾಡಬೇಡಿ, ಬಾಕ್ಸ್ ಸ್ಪೀಕರಿಗೆ ಕಟ್ಟುವುದಕ್ಕೆ ಮಾತ್ರ ಹಾಗೆ ಮಾಡೋಣ ಎಂದು ಅವರಿಗೆ ಹೇಳಿದೆ.